ಬೀಗ ಒಡೆಯದೆ 500 ಅನ್ನು 900 ಮಾಡುವುದು: ಪಾವತಿ ಸಂದೇಶವನ್ನು ಡಿಜಿಟಲ್ ಸಹಿ ಕಾಯುವುದು ಹೇಗೆ?

ಫೋನಿನಲ್ಲಿ ಮೊತ್ತ ಬರೆದು ಬೆರಳಿಟ್ಟ ಮೇಲೆ ಒಂದೆರಡು ಸೆಕೆಂಡ್ ಸುಮ್ನೆ ಕಾಯುತ್ತೇವೆ. ಅಷ್ಟರಲ್ಲಿ ಒಂದು ಪುಟ್ಟ ಸಂದೇಶ ಫೋನಿನಿಂದ ಹೊರಟು, ವೈಫೈ ಪೆಟ್ಟಿಗೆ, ನೆಟ್‌ವರ್ಕ್ ಕಂಪನಿ, ನಡುವಿನ ಹಲವು ಕಂಪ್ಯೂಟರ್‌ಗಳನ್ನು ದಾಟಿ ಬ್ಯಾಂಕ್ ಸೇರುತ್ತದೆ. ದಾರಿಯಲ್ಲಿ ಯಾರೂ ಅದರ ಒಂದು ಅಂಕಿಯನ್ನೂ ತಿದ್ದಿಲ್ಲ ಎಂದು ಬ್ಯಾಂಕಿಗೆ ಗೊತ್ತಾಗುವುದು ಹೇಗೆ? ಕೇಳಿದರೆ ಹೆಚ್ಚಿನವರು ‘ಎನ್‌ಕ್ರಿಪ್ಟ್ ಆಗಿರುತ್ತಲ್ಲ’ ಅನ್ನುತ್ತಾರೆ. ಆ ಉತ್ತರ ಅರ್ಧ ಮಾತ್ರ ಸರಿ. ಗುಟ್ಟಾಗಿ ಇಡುವುದು ಒಂದು ಕೆಲಸ, ಕೆಡದಂತೆ ಇಡುವುದು ಇನ್ನೊಂದು. ಒಂದು ಸಂದೇಶವನ್ನೇ ಕೈಗೆತ್ತಿಕೊಂಡು ನೋಡೋಣ.

ಹಂತ 1: ಬೀಗ ಮಾತ್ರ ಹಾಕಿ ನೋಡಿ

ನಮ್ಮ ಸಂದೇಶ ಇದು. ನಿಜವಾದದ್ದು ಇನ್ನೂ ಉದ್ದ ಇರುತ್ತದೆ, ಆದರೆ ತಿರುಳು ಇಷ್ಟೇ: ಎಷ್ಟು, ಯಾರಿಗೆ, ಎಷ್ಟನೇ ಸಂಖ್ಯೆಯ ಪಾವತಿ.

```
AMT=500;TO=4471;ID=81
```

ಕಂಪ್ಯೂಟರ್‌ಗೆ ಪ್ರತಿ ಅಕ್ಷರವೂ ಒಂದು ಸಂಖ್ಯೆ. 0ಯಿಂದ 9, ಆಮೇಲೆ Aಯಿಂದ F, ಹೀಗೆ ಹದಿನಾರು ಗುರುತುಗಳಲ್ಲಿ ಸಂಖ್ಯೆ ಬರೆಯುವ ಹೆಕ್ಸ್ ಲೆಕ್ಕದಲ್ಲಿ ‘5’ ಅಂದರೆ 35, ‘9’ ಅಂದರೆ 39. ಎನ್‌ಕ್ರಿಪ್ಷನ್‌ನ ಒಂದು ಬಗೆಯಲ್ಲಿ ಫೋನು ಮತ್ತು ಬ್ಯಾಂಕಿಗೆ ಮಾತ್ರ ಗೊತ್ತಿರುವ ಕೀಯಿಂದ ಗುಟ್ಟಿನ ಸಂಖ್ಯೆಗಳ ಸಾಲೊಂದನ್ನು ಹುಟ್ಟಿಸುತ್ತಾರೆ. ಪ್ರತಿ ಅಕ್ಷರವನ್ನು ಆ ಸಾಲಿನ ಒಂದೊಂದು ಸಂಖ್ಯೆಯ ಜೊತೆ ಎಕ್ಸಾರ್ ಮಾಡುತ್ತಾರೆ. ಎಕ್ಸಾರ್ ಎಂದರೆ ಎರಡು ಬಿಟ್ ಒಂದೇ ಆಗಿದ್ದರೆ 0, ಬೇರೆ ಆಗಿದ್ದರೆ 1. ಅದೇ ಸಂಖ್ಯೆಯ ಜೊತೆ ಇನ್ನೊಮ್ಮೆ ಮಾಡಿದರೆ ಮೊದಲಿನದು ವಾಪಸ್ ಬರುತ್ತದೆ.

ನಮ್ಮ ‘5’ರ ಪಾಲಿಗೆ ಬಂದ ಗುಟ್ಟಿನ ಸಂಖ್ಯೆ A7 ಅಂದುಕೊಳ್ಳಿ.

```
ಫೋನ್:    35 XOR A7 = 92
ಕಳ್ಳ:     92 XOR 0C = 9E
ಬ್ಯಾಂಕ್:   9E XOR A7 = 39
```

ನಡುವೆ ಕೂತ ಕಳ್ಳನಿಗೆ A7 ಗೊತ್ತಿಲ್ಲ. 92 ಅನ್ನು ಓದಲೂ ಅವನಿಗೆ ಬರುವುದಿಲ್ಲ. ಅವನಿಗೆ ಬೇಕಾದದ್ದು ‘5’ ಮತ್ತು ‘9’ರ ನಡುವಿನ ವ್ಯತ್ಯಾಸ ಮಾತ್ರ: 35 XOR 39 = 0C. ಮೊತ್ತ ಸಂದೇಶದ ಐದನೇ ಅಕ್ಷರದಿಂದ ಶುರುವಾಗುತ್ತದೆ ಎಂದು ಅವನಿಗೆ ಗೊತ್ತು, ಯಾಕೆಂದರೆ ಅವನ ಫೋನಿನಲ್ಲೂ ಅದೇ ಆ್ಯಪ್ ಇದೆ. ಹೋಗುವ ಮೊತ್ತ 500 ಎಂದು ಗೊತ್ತಿದ್ದರೆ ಅಥವಾ ಊಹಿಸಿದರೆ ಕೆಲಸ ಮುಗಿಯಿತು. ಬ್ಯಾಂಕ್ ಸಂದೇಶವನ್ನು ಬಿಚ್ಚಿದಾಗ ಅಲ್ಲಿ ಚೊಕ್ಕವಾಗಿ 900 ಇರುತ್ತದೆ. ಬೀಗ ಹಾಗೇ ಇದೆ, ಒಳಗಿನ ಸಾಮಾನು ಮಾತ್ರ ಬದಲಾಗಿದೆ. ಈ ಮೂರು ಸಾಲನ್ನು ಒಮ್ಮೆ ಕಾಗದದ ಮೇಲೆ ಬಿಟ್ ಬಿಡಿಸಿ ಮಾಡಿ ನೋಡಿ. ನನಗೆ ಈ ವಿಷಯ ನಿಜವಾಗಿ ತಲೆಗೆ ಹತ್ತಿದ್ದು ಹಾಗೆ ಮಾಡಿದ ಮೇಲೇ.

ಹಂತ 2: ಬೀಗಕ್ಕೆ ಮುದ್ರೆ ಸೇರಿಸಿ

ಇದಕ್ಕೆ ಮೊದಲ ಮದ್ದು ಈಗ ಎಲ್ಲ ಕಡೆ ಬಳಕೆಯಲ್ಲಿದೆ. ಫೋನು ಮತ್ತು ಸರ್ವರ್ ನಡುವಿನ ಸಂಪರ್ಕವನ್ನು ಕಾಯುವ ಟಿಎಲ್‌ಎಸ್ ಎಂಬ ಪದ್ಧತಿಯ 2018ರ ಆವೃತ್ತಿ, 1.3, ಬರಿಯ ಬೀಗವನ್ನು ಒಪ್ಪುವುದೇ ಇಲ್ಲ. ಪ್ರತಿ ತುಂಡಿನ ಕೊನೆಗೂ ಒಂದು ಮುದ್ರೆ ಇರಲೇಬೇಕು. ಸಾಮಾನ್ಯವಾಗಿ ಅದು 16 ಬೈಟ್. ಆ ಮುದ್ರೆ ಕೀ ಮತ್ತು ಇಡೀ ತುಂಡು, ಎರಡನ್ನೂ ಸೇರಿಸಿ ಲೆಕ್ಕ ಹಾಕಿದ್ದು. ಕಳ್ಳ 92 ಅನ್ನು 9E ಮಾಡಿದ ಕೂಡಲೇ ಲೆಕ್ಕ ತಪ್ಪುತ್ತದೆ, ಸಂಪರ್ಕವೇ ಕಡಿದುಹೋಗುತ್ತದೆ.

ಹಾಗಾದರೆ ಇಷ್ಟೇ ಸಾಕಲ್ವಾ? ಸಾಲದು, ಯಾಕೆಂದರೆ ಈ ಮುದ್ರೆ ಒಂದು ಸಂಪರ್ಕಕ್ಕೆ ಮಾತ್ರ. ಸಂದೇಶ ಮೊದಲು ಪಾವತಿ ಆ್ಯಪ್‌ನ ಸರ್ವರ್‌ಗೆ ಹೋಗುತ್ತದೆ ಅಂದುಕೊಳ್ಳಿ. ಅಲ್ಲಿ ಬೀಗ ತೆಗೆಯುತ್ತಾರೆ, ಮುಂದಿನ ದಾರಿಗೆ ಹೊಸ ಬೀಗ, ಹೊಸ ಮುದ್ರೆ ಹಾಕುತ್ತಾರೆ. ಎರಡು ಬೀಗಗಳ ನಡುವಿನ ಆ ಗಳಿಗೆಯಲ್ಲಿ ಸಂದೇಶ ಬತ್ತಲೆ. ಅಲ್ಲಿರುವ ಯಾರಾದರೂ, ಅಥವಾ ಅಲ್ಲಿಗೆ ನುಗ್ಗಿದ ಯಾರಾದರೂ, 500 ಅನ್ನು 900 ಮಾಡಿ ಹೊಸ ಮುದ್ರೆ ಒತ್ತಿದರೆ ಬ್ಯಾಂಕಿಗೆ ತಿಳಿಯುವುದೇ ಇಲ್ಲ. ಇನ್ನೊಂದು ಕೊರತೆಯೂ ಇದೆ. ಮುದ್ರೆಯ ಕೀ ಎರಡೂ ಕಡೆ ಇರುವುದರಿಂದ ಅದನ್ನು ಇಬ್ಬರೂ ಒತ್ತಬಹುದು. ನಾಳೆ ಜಗಳ ಬಂದರೆ, ಒತ್ತಿದ್ದು ಗ್ರಾಹಕನೇ ಎಂದು ಅದರಿಂದ ತೋರಿಸಲಾಗದು.

ಹಂತ 3: ಸಂದೇಶಕ್ಕೇ ಸಹಿ ಹಾಕಿ

ಬೇಕಾಗಿರುವುದು ದಾರಿಗಲ್ಲ, ಸಂದೇಶಕ್ಕೆ ಅಂಟಿಕೊಂಡು ಕೊನೆವರೆಗೂ ಹೋಗುವ ಗುರುತು. ಅದೇ ಡಿಜಿಟಲ್ ಸಹಿ.

ಆ್ಯಪ್ ಅನ್ನು ಮೊದಲ ಸಲ ನೋಂದಾಯಿಸುವಾಗ ಫೋನು ಒಂದು ಜೋಡಿ ಕೀ ಹುಟ್ಟಿಸುತ್ತದೆ. ಪ್ರೈವೇಟ್ ಕೀ ಫೋನಿನೊಳಗಿನ ಕಾವಲಿರುವ ಜಾಗದಲ್ಲೇ ಉಳಿಯುತ್ತದೆ. ಒಳ್ಳೆಯ ಫೋನುಗಳಲ್ಲಿ ಇದಕ್ಕೆಂದೇ ಬೇರೆ ಹಾರ್ಡ್‌ವೇರ್ ಇರುತ್ತದೆ. ‘ಇದಕ್ಕೆ ಸಹಿ ಹಾಕಿಕೊಡು’ ಎಂದು ಆ್ಯಪ್ ಅದನ್ನು ಕೇಳಬಹುದೇ ಹೊರತು, ಕೀಯನ್ನು ಹೊರಗೆ ತೆಗೆಯಲಾಗದು. ಪಬ್ಲಿಕ್ ಕೀ ಬ್ಯಾಂಕಿಗೆ ಹೋಗಿ ನಿಮ್ಮ ಖಾತೆಯ ಪಕ್ಕ ಕೂರುತ್ತದೆ. ಪ್ರೈವೇಟ್ ಕೀ ಸಹಿ ಹಾಕುತ್ತದೆ, ಪಬ್ಲಿಕ್ ಕೀ ಸಹಿಯನ್ನು ತಾಳೆ ನೋಡುತ್ತದೆ. ಪಬ್ಲಿಕ್ ಕೀ ಕೈಯಲ್ಲಿದ್ದರೂ ಅದರಿಂದ ಸಹಿ ಹಾಕಲಾಗದು. ಹಾಗಾಗಿ ಬ್ಯಾಂಕಿನವರೂ, ನಡುವಿನ ಸರ್ವರ್‌ನವರೂ ನಿಮ್ಮ ಸಹಿಯನ್ನು ಹುಟ್ಟಿಸಲಾರರು.

ಸಹಿ ಬೀಳುವುದು ನೇರವಾಗಿ ಸಂದೇಶದ ಮೇಲಲ್ಲ, ಅದರ ಹ್ಯಾಶ್ ಮೇಲೆ. ಹ್ಯಾಶ್ ಎಂದರೆ ಸಂದೇಶದ ಬೆರಳಚ್ಚು ಅನ್ನಿ. ಸಂದೇಶ ಎಷ್ಟೇ ಉದ್ದವಿದ್ದರೂ ಎಸ್‌ಎಚ್‌ಎ-256 ಎಂಬ ವಿಧಾನ ಅದನ್ನು 256 ಬಿಟ್‌ಗೆ, ಅಂದರೆ 64 ಹೆಕ್ಸ್ ಅಕ್ಷರಕ್ಕೆ ಇಳಿಸುತ್ತದೆ. 500 ಬದಲು 501 ಅಂತ ಬರೆದರೂ 64 ಅಕ್ಷರಗಳ ಆ ಸಾಲು ಗುರುತೇ ಸಿಗದಷ್ಟು ಬದಲಾಗುತ್ತದೆ.

ಓಪನ್‌ಎಸ್‌ಎಸ್‌ಎಲ್ ಇರುವ ಲಿನಕ್ಸ್ ಅಥವಾ ಮ್ಯಾಕ್ ಕಂಪ್ಯೂಟರ್ ಇದ್ದರೆ ಇದನ್ನು ನೀವೇ ಮಾಡಬಹುದು. ಮೊದಲ ಎರಡು ಸಾಲು ಕೀ ಜೋಡಿಗೆ, ಮೂರನೆಯದು ಸಂದೇಶಕ್ಕೆ, ನಾಲ್ಕನೆಯದು ಸಹಿಗೆ, ಕೊನೆಯದು ತಾಳೆ ನೋಡಲು.

```
openssl ecparam -name prime256v1 -genkey -noout -out key.pem
openssl ec -in key.pem -pubout -out pub.pem
printf 'AMT=500;TO=4471;ID=81' > msg.txt
openssl dgst -sha256 -sign key.pem -out msg.sig msg.txt
openssl dgst -sha256 -verify pub.pem -signature msg.sig msg.txt
```

ಪರದೆಯಲ್ಲಿ `Verified OK` ಎಂದು ಬರುತ್ತದೆ. ಈಗ ಮೂರನೇ ಸಾಲನ್ನು 900 ಎಂದು ಬದಲಿಸಿ ಓಡಿಸಿ. ಸಹಿಯ ಸಾಲನ್ನು ಮುಟ್ಟದೆ ನೇರವಾಗಿ ಕೊನೆಯ ಸಾಲಿಗೆ ಹೋಗಿ. `Verification failure` ಅನ್ನುತ್ತದೆ.

ಇನ್ನೊಂದು ಪ್ರಯೋಗ: ಮೊತ್ತವನ್ನು ಮತ್ತೆ 500 ಮಾಡಿ, ಆದರೆ `printf` ಬದಲು `echo` ಬಳಸಿ. ಆಗಲೂ ತಾಳೆಯಾಗುವುದಿಲ್ಲ! ಕಣ್ಣಿಗೆ ಎರಡು ಸಂದೇಶವೂ ಒಂದೇ. `echo` ಮಾತ್ರ ಕೊನೆಗೆ ಕಾಣದ ಒಂದು ಹೊಸ ಸಾಲಿನ ಗುರುತು ಸೇರಿಸಿರುತ್ತದೆ. ಇಂಥದ್ದೇ ಒಂದು ಗುರುತನ್ನು ಹುಡುಕುತ್ತಾ ನಾನು ಇಡೀ ಸಂಜೆ ಕಳೆದದ್ದುಂಟು. ಸಹಿ ನೋಡುವುದು ಅರ್ಥವನ್ನಲ್ಲ, ಬೈಟುಗಳನ್ನು. ಯಾವ ಕ್ರಮದಲ್ಲಿ, ಯಾವ ಬೈಟುಗಳಿಗೆ ಸಹಿ ಎಂದು ಎರಡೂ ಕಡೆ ಮೊದಲೇ ಗೊತ್ತು ಮಾಡಿಕೊಂಡಿರಬೇಕು.

ಹಂತ 4: ಸಹಿ ಏನನ್ನೆಲ್ಲ ಅಪ್ಪಿದೆ ನೋಡಿ

ಎಡವುವುದು ಜಾಸ್ತಿ ಇಲ್ಲೇ. ಆ್ಯಪ್ ಬರೆದವರು ಮೊತ್ತ ಮತ್ತು ಸಂಖ್ಯೆಗೆ ಮಾತ್ರ ಸಹಿ ಹಾಕಿಸಿ, ‘ಯಾರಿಗೆ’ ಎಂಬುದನ್ನು ಹೊರಗೆ ಬಿಟ್ಟರು ಅಂದುಕೊಳ್ಳಿ. ಆಗ 4471ರ ಜಾಗದಲ್ಲಿ 9982 ಬಂದು ಕೂತರೂ ಸಹಿ ಸರಿಯಾಗೇ ತಾಳೆಯಾಗುತ್ತದೆ. ಗಣಿತದಲ್ಲಿ ಏನೂ ತಪ್ಪಿಲ್ಲ. ದುಡ್ಡು ಮಾತ್ರ ಬೇರೆಯವರ ಖಾತೆಗೆ ಹೋಯಿತು.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಮೊತ್ತ ಮತ್ತು ಖಾತೆಯನ್ನು ನಡುವೆ ಗುರುತಿಲ್ಲದೆ ಒತ್ತಾಗಿ ಸೇರಿಸಿ ಸಹಿ ಹಾಕಿದರೆ, ಮೊತ್ತ 500 ಮತ್ತು ಖಾತೆ 4471 ಸೇರಿ `5004471` ಆಗುತ್ತದೆ. ಮೊತ್ತ 50 ಮತ್ತು ಖಾತೆ 04471 ಸೇರಿದರೂ `5004471`. ಎರಡು ಬೇರೆ ಪಾವತಿಗಳಿಗೆ ಒಂದೇ ಸಹಿ! ನಮ್ಮ ಸಂದೇಶದಲ್ಲಿ `AMT=`, `;` ಇವೆಲ್ಲ ಇರುವುದು ಅದಕ್ಕೇ, ಅವೂ ಸಹಿಯೊಳಗೆ ಬರಬೇಕು.

ಹಂತ 5: ಒಂದು ಸಹಿಗೆ ಒಂದೇ ಪಾವತಿ

ಕಳ್ಳ ಏನನ್ನೂ ತಿದ್ದದೆ, ನಿನ್ನೆಯ ಸಂದೇಶವನ್ನೇ ಸಹಿ ಸಮೇತ ಇಂದು ಮತ್ತೆ ಕಳಿಸಿದರೆ? ಸಹಿ ಅಸಲಿ, ಹಾಗಾಗಿ ತಾಳೆಯಾಗಿಯೇ ಆಗುತ್ತದೆ. ಇದನ್ನು ತಡೆಯುವುದು `ID=81`. ಸಹಿ ಸರಿಯಿದೆ ಎಂದು ಖಚಿತವಾದ ಮೇಲೆ ಬ್ಯಾಂಕ್ ತನ್ನ ಪಟ್ಟಿ ನೋಡುತ್ತದೆ. ಈ ಖಾತೆಯ 81ನೇ ಪಾವತಿ ಮುಗಿದಿದ್ದರೆ ಎರಡನೇ ಸಲ ದುಡ್ಡು ಕಳಿಸುವುದಿಲ್ಲ, ಮೊದಲಿನ ಫಲಿತಾಂಶವನ್ನೇ ವಾಪಸ್ ಹೇಳುತ್ತದೆ. ನೆಟ್‌ವರ್ಕ್ ಕೈಕೊಟ್ಟಾಗ ಪ್ರಾಮಾಣಿಕ ಫೋನು ಕೂಡ ಅದೇ ಸಂದೇಶವನ್ನು ಎರಡು ಸಲ ಕಳಿಸುವುದುಂಟು, ಅಲ್ಲೂ ಇದೇ ಕಾಪಾಡುತ್ತದೆ.

ಸಹಿಯ ಕೈ ಎಟುಕದ ಜಾಗ

ಸಹಿ ಬೀಳುವ ಮೊದಲೇ ಸಂದೇಶ ಕೆಟ್ಟರೆ ಈ ಏರ್ಪಾಡಿಗೆ ಅದು ಕಾಣುವುದಿಲ್ಲ. ಫೋನಿನೊಳಗೆ ನುಗ್ಗಿದ ಕೆಟ್ಟ ತಂತ್ರಾಂಶ ಪರದೆಯಲ್ಲಿ 500 ತೋರಿಸಿ, ಸಹಿಗೆ 900 ಕೊಟ್ಟರೆ, ಬೆರಳು ನಿಮ್ಮದೇ, ಸಹಿಯೂ ನಿಮ್ಮದೇ. ಬ್ಯಾಂಕಿನ ತಾಳೆಯಲ್ಲಿ ಎಲ್ಲವೂ ಸರಿ. ಇದು ಗೊತ್ತಾಗುವುದು ಬ್ಯಾಂಕಿನಿಂದ ಬೇರೆ ದಾರಿಯಲ್ಲಿ ಬರುವ ಸಂದೇಶದಲ್ಲಿ, ಅಥವಾ ಖಾತೆಯ ವಿವರದಲ್ಲಿ. ಅಲ್ಲಿ ಬರುವ ಮೊತ್ತ ಮತ್ತು ಹೆಸರನ್ನು ಓದಿ ನೋಡಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇನ್ನೊಂದು ಜಾಗ ನೋಂದಣಿ. ನಿಮ್ಮ ಹೆಸರಿನಲ್ಲಿ ಬೇರೆಯವರು ತಮ್ಮ ಫೋನನ್ನು ನೋಂದಾಯಿಸಿಬಿಟ್ಟರೆ ಬ್ಯಾಂಕಿನಲ್ಲಿ ಕೂರುವುದು ಅವರ ಪಬ್ಲಿಕ್ ಕೀ. ಆಮೇಲೆ ಅವರು ಹಾಕುವ ಪ್ರತಿ ಸಹಿಯೂ ಅಸಲಿಯೇ. ಹೀಗಾಗಿಯೇ ಕಳ್ಳರು ಸಹಿಯ ಗಣಿತದ ತಂಟೆಗೆ ಹೋಗದೆ, ಮಾತಿನಲ್ಲಿ ಮರುಳು ಮಾಡಿ ನೋಂದಣಿಯ ಒಟಿಪಿ ಕೇಳುತ್ತಾರೆ. ‘ಹೊಸ ಸಾಧನ ಸೇರಿಸಲಾಗಿದೆ’ ಎಂಬ ಸೂಚನೆ ಬಂದು, ಸೇರಿಸಿದ್ದು ನೀವಲ್ಲದಿದ್ದರೆ, ಆ ಗಳಿಗೆಯಲ್ಲೇ ಬ್ಯಾಂಕಿಗೆ ಫೋನ್ ಮಾಡಿ. ಅವರು ಆ ಪಬ್ಲಿಕ್ ಕೀಯನ್ನು ಖಾತೆಯಿಂದ ತೆಗೆದುಹಾಕಿದ ಮೇಲೆ ಆ ಫೋನು ಎಷ್ಟೇ ಸಹಿ ಹಾಕಿದರೂ ಬ್ಯಾಂಕಿನಲ್ಲಿ ತಾಳೆ ನೋಡಲು ಅದರ ಜೋಡಿ ಕೀ ಇರುವುದಿಲ್ಲ.