ಲ್ಯಾಂಡೆಡ್ ಕಾಸ್ಟ್: ಸಾಗಣೆ ಖರ್ಚನ್ನ ಸಿಬಿಎಂ ಮೇಲೆ ಹಂಚಿದ ನನ್ನ ಅನುಭವ

ಅಡುಗೆಮನೆ ಫಿಟಿಂಗ್ಸ್ ಹೋಲ್‌ಸೇಲ್ ನಮ್ಮದು, ಬೆಂಗಳೂರಿನಲ್ಲಿ. ಸರಕು ಚೀನಾದ ನಿಂಗ್ಬೋದಿಂದ ಎಲ್‌ಸಿಎಲ್‌ನಲ್ಲಿ, ಅಂದರೆ ಬೇರೆಯವರ ಸರಕಿನ ಜೊತೆ ಒಂದೇ ಕಂಟೇನರ್ ಹಂಚಿಕೊಂಡು, ಚೆನ್ನೈಗೆ ಬಂದು, ಅಲ್ಲಿಂದ ಲಾರಿಯಲ್ಲಿ ಗೋಡೌನ್‌ಗೆ ಬರುತ್ತೆ. ಸಾಗಣೆ ಖರ್ಚನ್ನ ಸಿಬಿಎಂ ಮೇಲೆ, ಅಂದರೆ ಸರಕು ಹಿಡಿಯುವ ಜಾಗದ ಘನ ಮೀಟರ್ ಲೆಕ್ಕದಲ್ಲಿ, ಹಂಚೋಣ ಅಂದಾಗ ಆಡಿಟರ್ ಮುಖ ಸಿಂಡರಿಸಿದರು. ಪಾಲುದಾರರಾದ ನಮ್ಮ ಭಾವ, "ಹೇಗೆ ಹಂಚಿದರೂ ಒಟ್ಟು ಲಾಭ ಅಷ್ಟೇ ಅಲ್ವಾ, ಸುಮ್ನೆ ಯಾಕೆ ತಲೆನೋವು?" ಅಂದರು. ಈಗ ಇಬ್ಬರೂ ಸುಮ್ಮನಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಶಿಪ್‌ಮೆಂಟ್ ತೊಗೊಳ್ಳಿ. ಅಂಕಿಗಳು ನೆನಪಿನಿಂದ, ಲೆಕ್ಕಕ್ಕೆ ಸುಲಭ ಆಗಲಿ ಅಂತ ದುಂಡು ಮಾಡಿದ್ದೇನೆ. ಇನ್‌ವಾಯ್ಸ್‌ನಲ್ಲಿ ಮೂರು ಲೈನ್. ಸ್ಟೀಲ್ ಹಿಂಜ್ 2,000 ಜೋಡಿ, ಒಂದೂವರೆ ಡಾಲರ್‌ನಂತೆ. ಡ್ರಾಯರ್ ಒಳಗಿಡುವ ಪ್ಲಾಸ್ಟಿಕ್ ಟ್ರೇ 1,000, ಎರಡು ಡಾಲರ್‌ನಂತೆ. ಡಿಜಿಟಲ್ ಲಾಕ್ 100, ಐವತ್ತು ಡಾಲರ್‌ನಂತೆ. ಎಫ್‌ಒಬಿ, ಅಂದರೆ ಅಲ್ಲಿ ಹಡಗಿಗೆ ಏರಿಸುವವರೆಗಿನ ಬೆಲೆ, ಒಟ್ಟು 10,000 ಡಾಲರ್, ಡಾಲರ್‌ಗೆ 85 ರೂಪಾಯಿ ಹಿಡಿದರೆ ಎಂಟೂವರೆ ಲಕ್ಷ.

ಜಾಗದ ಲೆಕ್ಕ ಬೇರೆಯೇ ಇದೆ. ಒಟ್ಟು 8 ಸಿಬಿಎಂನಲ್ಲಿ ಟ್ರೇಗಳೇ 6 ಸಿಬಿಎಂ. ಲಾಕ್ 1.4. ಹಿಂಜ್ 900 ಕೆಜಿ ಇದ್ದರೂ ಬರೀ 0.6.

ಹಡಗಿನ ಫ್ರೈಟ್ 16,000. ಚೆನ್ನೈನಲ್ಲಿ ಡೆಲಿವರಿ ಆರ್ಡರ್, ಬಂದರಿನ ಹ್ಯಾಂಡ್ಲಿಂಗ್, ಸರಕು ಇಳಿಸಿಡುವ ಗೋದಾಮಾದ ಸಿಎಫ್‌ಎಸ್‌ನ ಚಾರ್ಜು ಎಲ್ಲಾ ಸೇರಿ 48,000. ಲಾರಿ 16,000. ಒಟ್ಟು 80,000. ಎಲ್‌ಸಿಎಲ್ ತರಿಸುವವರಿಗೆ ಇದು ಗೊತ್ತೇ ಇದೆ: ಫ್ರೈಟ್ ಅಗ್ಗ ಅಂತ ಹೇಳಿ ಕರೆಯುತ್ತಾರೆ, ಇಲ್ಲಿ ಬಂದಮೇಲೆ ಸುಲಿಯುತ್ತಾರೆ.

ನಮ್ಮ ಅಕೌಂಟೆಂಟ್ ಮೊದಮೊದಲು ಟ್ಯಾಲಿಯಲ್ಲಿ ಕ್ವಾಂಟಿಟಿ ಮೇಲೆ ಹಂಚುತ್ತಿದ್ದ. ಅಂದರೆ ಹಿಂಜ್‌ಗೂ 26 ರೂಪಾಯಿ, ಲಾಕ್‌ಗೂ 26 ರೂಪಾಯಿ! ಅದನ್ನ ಬಿಡಿಸಿ ವ್ಯಾಲ್ಯೂ ಮೇಲೆ ಹಾಕಿಸಿದೆವು. ನೋಡೋಕೆ ಸರಿಯಾಗಿಯೇ ಇತ್ತು. ಟ್ರೇ ಬೆಲೆ ಒಟ್ಟಿನ 20%, ಆದ್ದರಿಂದ 16,000, ಒಂದಕ್ಕೆ 16 ರೂಪಾಯಿ. ಡ್ಯೂಟಿ ಒಂದು 29, ಕ್ಲಿಯರಿಂಗ್ ಏಜೆಂಟ್ ಫೀಸ್ ಪಾಲು 3. ಖರೀದಿ 170ಕ್ಕೆ ಸೇರಿಸಿದರೆ ಲ್ಯಾಂಡೆಡ್ ಕಾಸ್ಟ್, ಅಂದರೆ ಗೋಡೌನ್‌ಗೆ ಬಂದು ಬೀಳುವ ಬೆಲೆ, 218. ನಾವು 250ಕ್ಕೆ ಮಾರಿದೆವು. ಪುಸ್ತಕದಲ್ಲಿ ಟ್ರೇಗೆ 32 ರೂಪಾಯಿ ಲಾಭ. ಟ್ರೇ ಚೆನ್ನಾಗಿ ಓಡಿತು ಕೂಡ. ಮುಂದಿನ ಆರ್ಡರ್‌ನಲ್ಲಿ ಟ್ರೇ ಜಾಸ್ತಿ ಹಾಕಿದೆವು, ಅದರ ಮುಂದಿನದರಲ್ಲಿ ಇನ್ನೂ ಜಾಸ್ತಿ. ಮಾರಾಟ ಏರುತ್ತಾ ಹೋಯಿತು, ಬ್ಯಾಂಕಿನಲ್ಲಿ ದುಡ್ಡು ಮಾತ್ರ ಏರಲಿಲ್ಲ.

ಸಿಬಿಎಂ ಮೇಲೆ ಹಂಚಿ ನೋಡಿದೆ. ಸಿಬಿಎಂಗೆ 10,000. ಟ್ರೇಗಳ ಪಾಲು 60,000, ಅಂದರೆ ಒಂದಕ್ಕೆ 16 ಅಲ್ಲ, 60. ಲ್ಯಾಂಡೆಡ್ ಕಾಸ್ಟ್ 262. 250ಕ್ಕೆ ಮಾರಿದ ಪ್ರತಿ ಟ್ರೇಗೂ 12 ರೂಪಾಯಿ ಕೈಯಿಂದ ಹಾಕಿದ್ದೇವೆ! ಆ ಕಡೆ ಹಿಂಜ್ ಮೇಲೆ ಸಾಗಣೆ ಖರ್ಚು 12 ರೂಪಾಯಿ ಕೂತಿತ್ತು, ನಿಜಕ್ಕೂ 3 ರೂಪಾಯಿ. ಲಾಕ್ ಮೇಲೆ 400 ಹೊರಿಸಿದ್ದೆವು, ನಿಜ 140. ಭಾವನಿಗೆ ಇದನ್ನೇ ತೋರಿಸಿದೆ. ಒಂದೇ ಶಿಪ್‌ಮೆಂಟ್ ಆದರೆ ಒಟ್ಟು ಲಾಭ ಒಂದೇ, ಒಪ್ಪಿದೆ. ಆದರೆ ಮುಂದಿನ ಆರ್ಡರ್‌ನಲ್ಲಿ ಯಾವುದನ್ನ ಜಾಸ್ತಿ ತರಿಸಬೇಕು ಅನ್ನೋದನ್ನ ಇದೇ ಕಾಸ್ಟ್ ನೋಡಿ ತಾನೇ ನಾವು ತೀರ್ಮಾನ ಮಾಡೋದು?

ಆಡಿಟರ್ ತಕರಾರು ಬೇರೆ, ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ಘೋಷಣೆಯಾದ ಬಿಲ್ ಆಫ್ ಎಂಟ್ರಿಯದ್ದು. "ಬಿಲ್ ಆಫ್ ಎಂಟ್ರಿಯಲ್ಲೇ ಫ್ರೈಟ್ ವ್ಯಾಲ್ಯೂ ಮೇಲೆ ಹಂಚಿದೆ, ನೀವು ಬೇರೆ ಥರ ಹಂಚಿದರೆ ತಾಳೆ ಆಗಲ್ಲ" ಅಂದರು. ಅವರು ಹೇಳಿದ್ದು ನಿಜವೇ. ಕಸ್ಟಮ್ಸ್‌ನವರು ಫ್ರೈಟ್, ಇನ್ಶೂರೆನ್ಸ್ ಎರಡನ್ನೂ ಲೈನ್‌ಗಳ ಮೇಲೆ ಬೆಲೆಗೆ ತಕ್ಕಂತೆ ಏರಿಸಿ ಅಸೆಸಬಲ್ ವ್ಯಾಲ್ಯೂ ತೆಗೆಯುತ್ತಾರೆ. ಇನ್ಶೂರೆನ್ಸ್ ಮೊತ್ತ ತೋರಿಸದಿದ್ದರೆ ಎಫ್‌ಒಬಿಯ 1.125% ಹಾಕುತ್ತಾರೆ. ಟ್ರೇಗೆ ಹೀಗೆ ಸುಮಾರು 1,75,000 ಬಂದಿತ್ತು. ಅದರ ಮೇಲೆ ನಮಗೆ ಬಿದ್ದದ್ದು ಬೇಸಿಕ್ ಡ್ಯೂಟಿ 15%, ಆ ಡ್ಯೂಟಿಯ ಮೇಲೆ 10% ಸೋಷಿಯಲ್ ವೆಲ್ಫೇರ್ ಸರ್ಚಾರ್ಜ್. ಒಟ್ಟು ಸುಮಾರು 28,900. ಮೇಲೆ ಹೇಳಿದ 29 ರೂಪಾಯಿ ಇದೇ.

ಹಾಗಾಗಿ ಡ್ಯೂಟಿಯನ್ನ ನಾನು ಹಂಚುವುದೇ ಇಲ್ಲ. ಬಿಲ್ ಆಫ್ ಎಂಟ್ರಿಯಲ್ಲಿ ಲೈನ್‌ಗೆ ಎಷ್ಟು ಬರೆದಿದೆಯೋ ಅಷ್ಟನ್ನ ಹಾಗೇ ಎತ್ತಿ ಹಾಕುತ್ತೇನೆ. ಒಂದೊಂದು ಐಟಂಗೆ ಒಂದೊಂದು ದರ ಇರುವಾಗ ಒಟ್ಟು ಡ್ಯೂಟಿಯನ್ನ ಎಲ್ಲದರ ಮೇಲೂ ಹರಡಿದರೆ 10%ನ ಐಟಂ 15%ನದ್ದರ ಸಾಲ ತೀರಿಸಿದಂತೆ. ಸಿಬಿಎಂ ಮೇಲೆ ಹಂಚುವುದು ಜಾಗಕ್ಕೆ ಕೊಟ್ಟ ದುಡ್ಡನ್ನ ಮಾತ್ರ: ಫ್ರೈಟ್, ಸಿಎಫ್‌ಎಸ್, ಲಾರಿ. ಏಜೆಂಟ್ ಫೀಸ್, ಬ್ಯಾಂಕ್ ಚಾರ್ಜ್ ವ್ಯಾಲ್ಯೂ ಮೇಲೆ. ಐಜಿಎಸ್‌ಟಿಗೆ ಕ್ರೆಡಿಟ್ ಸಿಗುತ್ತೆ, ಅದನ್ನ ಕಾಸ್ಟ್‌ಗೆ ಮುಟ್ಟಿಸಬಾರದು. ಇಷ್ಟನ್ನ ಒಂದು ಹಾಳೆಯಲ್ಲಿ ಬರೆದು, ಎಲ್ಲಾ ಶಿಪ್‌ಮೆಂಟ್‌ಗೂ ಇದೇ ರೀತಿ ಅಂತ ಕೊಟ್ಟಮೇಲೆ ಆಡಿಟರ್ ಒಪ್ಪಿದರು.

ಶೀಟ್‌ನಲ್ಲಿ ಇರೋದು ಇಷ್ಟೇ. ಇ ಕಾಲಂನಲ್ಲಿ ಸಿಬಿಎಂ, ಎಚ್2ರಲ್ಲಿ ಆ 80,000:

```
=ROUND($H$2*E5/SUM($E$5:$E$7),0)
```

ರೌಂಡಿಂಗ್‌ನಲ್ಲಿ ಉಳಿದ ಒಂದೆರಡು ರೂಪಾಯಿ ದೊಡ್ಡ ಲೈನ್‌ಗೆ. ಟ್ಯಾಲಿಗೆ ಸಿಬಿಎಂ ಅನ್ನೋದು ಗೊತ್ತಿಲ್ಲ, ಅದಕ್ಕೆ ಕ್ವಾಂಟಿಟಿ ಇಲ್ಲಾ ವ್ಯಾಲ್ಯೂ. ಶೀಟ್‌ನಿಂದ ಟ್ಯಾಲಿಗೆ ಹೇಗೆ ದಾಟಿಸುತ್ತೇನೆ ಅನ್ನೋದನ್ನ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಕಷ್ಟ ಇರೋದು ಫಾರ್ಮುಲಾದಲ್ಲಲ್ಲ, ಇ ಕಾಲಂ ತುಂಬೋದರಲ್ಲಿ. ಪ್ಯಾಕಿಂಗ್ ಲಿಸ್ಟ್‌ನಲ್ಲಿ ಸಪ್ಲೈಯರ್ ಬರೆಯುವ ಕಾರ್ಟನ್ ಅಳತೆ ಎಷ್ಟೋ ಸಲ ಹಳೆಯ ಲಿಸ್ಟ್‌ನಿಂದ ಎತ್ತಿದ್ದು. ಲೈನ್‌ಗಳ ಸಿಬಿಎಂ ಕೂಡಿ, ಫಾರ್ವರ್ಡರ್ ಕೊಡುವ ಸಾಗಣೆ ರಸೀದಿ ಎಚ್‌ಬಿಎಲ್ ಮೇಲಿನ ಸಿಬಿಎಂ ಜೊತೆ ಹೋಲಿಸಿ. ಅಲ್ಪಸ್ವಲ್ಪ ಹೆಚ್ಚುಕಮ್ಮಿ ಇದ್ದರೆ ಬಿಡಿ. 7 ಅಂತ ಬರೆದು 8ಕ್ಕೆ ಬಿಲ್ ಬಂದಿದ್ದರೆ ಯಾವುದೋ ಒಂದು ಕಾರ್ಟನ್ ಸುಳ್ಳು ಹೇಳುತ್ತಿದೆ. ಗೋಡೌನ್‌ನಲ್ಲಿ ಟೇಪ್ ಹಿಡಿದು ಅಳೆಸಿ. ನಮ್ಮಲ್ಲಿ ಸಿಕ್ಕಿಬಿದ್ದದ್ದು ಟ್ರೇ ಕಾರ್ಟನ್‌ಗಳೇ, ಎತ್ತರ ಕಡಿಮೆ ಬರೆದಿದ್ದರು.

ಡೆಮರೇಜ್ ಬಗ್ಗೆ ಒಂದು ಮಾತು. ಒಂದು ಸಲ ದಾಖಲೆ ತಡವಾಗಿ, ಸಿಎಫ್‌ಎಸ್‌ನಲ್ಲಿ ಸರಕು ಕೊಳೆಯುತ್ತಾ ಕೂತು ದೊಡ್ಡ ಬಾಡಿಗೆ ಬಿತ್ತು. ಅದನ್ನೂ ಸರಕಿನ ಮೇಲೆ ಹಾಕಿ ರೇಟ್ ಏರಿಸಿದಾಗ ಲಾಕ್‌ಗಳು ಶೆಲ್ಫ್‌ನಲ್ಲೇ ಉಳಿದವು. ಈಗ ಅದು ಸೀದಾ ನಷ್ಟದ ಖಾತೆಗೆ. ಅಕೌಂಟಿಂಗ್ ಸ್ಟ್ಯಾಂಡರ್ಡ್ ಕೂಡ ಅಸಹಜ ಖರ್ಚನ್ನ ಸ್ಟಾಕ್ ಬೆಲೆಗೆ ಸೇರಿಸಬೇಡಿ ಅನ್ನುತ್ತೆ.

ಏರ್‌ನಲ್ಲೂ ಆಡಿ ನೋಡಿದೆ. 50 ಲಾಕ್, 100 ಟ್ರೇ ಒಟ್ಟಿಗೆ ತರಿಸಿದೆ. ಏರ್‌ನಲ್ಲಿ ಘನ ಸೆಂಟಿಮೀಟರನ್ನ 6000ದಿಂದ ಭಾಗಿಸಿದ ತೂಕ, ನಿಜವಾದ ತೂಕ, ಇವೆರಡರಲ್ಲಿ ದೊಡ್ಡದಕ್ಕೆ ಚಾರ್ಜು. ಬರೀ ಲಾಕ್‌ಗಳು ಬಂದರೆ 150 ಕೆಜಿ, ಬರೀ ಟ್ರೇಗಳು ಬಂದರೆ ಅಳತೆ ಲೆಕ್ಕದಲ್ಲಿ 100 ಕೆಜಿ. ಒಟ್ಟಿಗೆ ಬಂದಾಗ ಬಿಲ್ ಆದದ್ದು 217 ಕೆಜಿಗೆ. ಭಾರದ್ದನ್ನೂ ಬುರುಗಿನಂಥದ್ದನ್ನೂ ಸೇರಿಸಿದ್ದರಿಂದ ಮೂವತ್ತು ಕೆಜಿ ಮೇಲೆ ಉಳಿಯಿತು. ಆ ಉಳಿತಾಯ ಎರಡು ಐಟಂಗೂ ಸೇರಬೇಕು ಅಂತ 217ರ ಬಿಲ್ಲನ್ನ 150ಕ್ಕೆ 100ರಂತೆ ಹಂಚಿದೆ. ಅಂದಹಾಗೆ, ಏರ್ ಫ್ರೈಟ್ ಎಷ್ಟೇ ಆಗಲಿ, ಡ್ಯೂಟಿ ಲೆಕ್ಕಕ್ಕೆ ಎಫ್‌ಒಬಿಯ 20%ಗಿಂತ ಜಾಸ್ತಿ ಹಿಡಿಯುವಂತಿಲ್ಲ. ನಿಮ್ಮ ಬಿಲ್ ಆಫ್ ಎಂಟ್ರಿಯಲ್ಲಿ ಅದೊಂದು ಪರೀಕ್ಷಿಸಿ.

ಟ್ರೇ ಬಿಟ್ಟಿಲ್ಲ. ಒಂದರೊಳಗೊಂದು ಕೂರುವ ಹಾಗೆ ಪ್ಯಾಕ್ ಮಾಡಿಸಿದೆ, 6 ಸಿಬಿಎಂ ಇದ್ದದ್ದು ಹೆಚ್ಚುಕಡಿಮೆ 4ಕ್ಕೆ ಇಳಿಯಿತು. ಸಪ್ಲೈಯರ್‌ನ ಹೇಗೆ ಒಪ್ಪಿಸಿದೆ ಅಂತ ಕೇಳಬೇಡಿ. ಸಿಬಿಎಂಗೆ ಅದೇ 10,000 ಹಿಡಿದರೂ ಟ್ರೇ ಈಗ 242ಕ್ಕೆ ಬಂದು ಬೀಳುತ್ತೆ. ಹಿಂಜ್ ರೇಟನ್ನ ಜೋಡಿಗೆ 5 ರೂಪಾಯಿ ಇಳಿಸಿದೆ. ಅದಾದಮೇಲೆ ಹಿಂಜ್‌ಗೆ ಎಸ್‌ಜೆಪಿ ರಸ್ತೆಯ ಅಂಗಡಿಯವರೇ ಫೋನ್ ಮಾಡುತ್ತಾರೆ.