ಹಲ್ಲಿನ ಕ್ಲಿನಿಕ್ ವೆಬ್‌ಸೈಟ್‌ಗೆ ಕೊಟೇಶನ್ ಮೇಲ್: ಕೆಲಸ, ದುಡ್ಡು, ದಿನ ಮೂರನ್ನೂ ಹೊಂದಿಸುವುದು ಹೇಗೆ?

ಹಲ್ಲಿನ ಡಾಕ್ಟರು ಫೋನಿನಲ್ಲಿ ಹೇಳುವುದು ಸಾಮಾನ್ಯವಾಗಿ ಇಷ್ಟೇ. ಹಳೇ ಸೈಟ್ ಚೆನ್ನಾಗಿಲ್ಲ, ಹೊಸದು ಬೇಕು, ಆನ್‌ಲೈನ್ ಅಪಾಯಿಂಟ್‌ಮೆಂಟ್ ಇರಲಿ, ಎಷ್ಟಾಗುತ್ತೆ ಅಂತ ಮೇಲ್ ಮಾಡಿ. ಫ್ರೀಲ್ಯಾನ್ಸರ್ ಆದವರು ಆ ಮಾತನ್ನೇ ಹಿಡಿದು ಅವತ್ತೇ ಒಂದು ಮೊತ್ತ ಬರೆದು ಕಳಿಸಿಬಿಡುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿಂದ. ಯಾಕೆಂದರೆ 'ಆನ್‌ಲೈನ್ ಅಪಾಯಿಂಟ್‌ಮೆಂಟ್' ಅಂದಾಗ ಡಾಕ್ಟರ ತಲೆಯಲ್ಲಿ ಇರುವುದು ಒಂದು, ನಿಮ್ಮ ತಲೆಯಲ್ಲಿ ಇರುವುದು ಇನ್ನೊಂದು.

ಮೊದಲು ಇದನ್ನು ಬಿಡಿಸಿಕೊಳ್ಳಿ. ಒಂದು ಬಗೆಯಲ್ಲಿ ರೋಗಿ ಹೆಸರು, ಫೋನ್ ನಂಬರ್, ತನಗೆ ಅನುಕೂಲವಾದ ದಿನ ತುಂಬಿ ಕಳಿಸುತ್ತಾರೆ. ರಿಸೆಪ್ಷನ್‌ನವರು ಅದನ್ನು ನೋಡಿ ಫೋನ್ ಮಾಡಿ ಸಮಯ ಗಟ್ಟಿ ಮಾಡುತ್ತಾರೆ. ಇದು ಬರೀ ಒಂದು ಫಾರಂ, ಅರ್ಧ ದಿನದ ಕೆಲಸ. ಇನ್ನೊಂದು ಬಗೆಯಲ್ಲಿ ಯಾವ ಡಾಕ್ಟರು ಯಾವಾಗ ಖಾಲಿ ಇದ್ದಾರೆ ಅಂತ ಸೈಟ್‌ನಲ್ಲೇ ಕಾಣಬೇಕು, ರೋಗಿ ಸಮಯ ಆರಿಸಿದ ಕೂಡಲೇ ಕ್ಲಿನಿಕ್‌ನ ಕ್ಯಾಲೆಂಡರ್‌ನಲ್ಲೂ ಅದು ಭರ್ತಿಯಾಗಬೇಕು, ಅದೇ ಹೊತ್ತಿಗೆ ರಿಸೆಪ್ಷನ್‌ನಲ್ಲಿ ಫೋನಿನ ಮೂಲಕ ಬೇರೆಯವರು ಅದೇ ಸಮಯ ತೆಗೆದುಕೊಳ್ಳದಂತೆ ತಡೆಯಬೇಕು. ಹಲ್ಲು ಕ್ಲೀನ್ ಮಾಡಲು ಬೇಕಾದಷ್ಟು ಹೊತ್ತು ರೂಟ್ ಕೆನಾಲ್‌ಗೆ ಸಾಕಾಗುವುದಿಲ್ಲ, ಹಾಗಾಗಿ ಯಾವ ಚಿಕಿತ್ಸೆಗೆ ಎಷ್ಟು ನಿಮಿಷ ಅನ್ನುವುದನ್ನೂ ಅದಕ್ಕೆ ಹೇಳಿಕೊಡಬೇಕು. ಎರಡೂ ಬೇರೆ ಬೇರೆ ಕೆಲಸ, ಅಲ್ವಾ? ಒಂದೇ ಬೆಲೆ ಬರೆದರೆ ಯಾರಾದರೊಬ್ಬರಿಗೆ ಅನ್ಯಾಯ ಖಂಡಿತ.

ಆದ್ದರಿಂದ ಮೇಲ್ ಬರೆಯುವ ಮೊದಲು ಹದಿನೈದು ನಿಮಿಷದ ಒಂದು ಕರೆ ಮಾಡಿ. ಅಪಾಯಿಂಟ್‌ಮೆಂಟ್ ಈಗ ಎಲ್ಲಿ ಬರೆದಿಡುತ್ತಾರೆ, ಪುಸ್ತಕದಲ್ಲೋ ಸಾಫ್ಟ್‌ವೇರ್‌ನಲ್ಲೋ? ಸಾಫ್ಟ್‌ವೇರ್ ಆದರೆ ಅದರ ಹೆಸರೇನು? ಚಿಕಿತ್ಸೆಗಳ ಬಗ್ಗೆ ಬರಹ ಯಾರು ಕೊಡುತ್ತಾರೆ? ಫೋಟೋ ಇದೆಯಾ? ಡೊಮೇನ್ ಯಾರ ಹೆಸರಿನಲ್ಲಿದೆ, ಲಾಗಿನ್ ಯಾರ ಹತ್ತಿರ ಇದೆ? ಈ ಕೊನೆಯ ಪ್ರಶ್ನೆಗೆ 'ಹಿಂದಿನ ಡಿಸೈನರ್ ನೋಡಿಕೊಳ್ತಿದ್ರು' ಅನ್ನುವ ಉತ್ತರ ಬಂದರೆ ಹುಷಾರು. ಅದನ್ನು ಬಿಡಿಸಿಕೊಳ್ಳಲು ವಾರಗಟ್ಟಲೆ ಹಿಡಿಯಬಹುದು, ಆ ಕಾಲ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಈಗ ಒಂದು ಉದಾಹರಣೆ ಹಿಡಿದು ಹೋಗೋಣ. ಇಬ್ಬರು ಡಾಕ್ಟರಿರುವ ಕ್ಲಿನಿಕ್. ಹಳೇ ಸೈಟ್ ಇದೆ. ಹೊಸದರಲ್ಲಿ ಮುಖಪುಟ, ಡಾಕ್ಟರ ಪರಿಚಯ, ಆರು ಚಿಕಿತ್ಸೆಗಳಿಗೆ ಒಂದೊಂದು ಪುಟ, ಸಾಮಾನ್ಯ ಪ್ರಶ್ನೆಗಳು, ಅಪಾಯಿಂಟ್‌ಮೆಂಟ್ ಫಾರಂ, ವಿಳಾಸ. ಒಟ್ಟು 11 ಪುಟ.

ಪುಟಗಳ ಸಂಖ್ಯೆ ಬರೆದ ಮಾತ್ರಕ್ಕೆ ಕೆಲಸದ ವಿವರ ಮುಗಿಯುವುದಿಲ್ಲ. 11 ಪುಟ ಅಂದರೂ ಡಿಸೈನ್ ಮಾಡಬೇಕಾದ ಮಾದರಿ ಎರಡೋ ಮೂರೋ ಇರುತ್ತವೆ. ರೂಟ್ ಕೆನಾಲ್ ಪುಟ, ಇಂಪ್ಲಾಂಟ್ ಪುಟ, ಹಲ್ಲಿಗೆ ಕ್ಲಿಪ್ ಹಾಕುವ ಪುಟ ಎಲ್ಲಕ್ಕೂ ಒಂದೇ ಅಚ್ಚು. ಇದನ್ನು ಮೇಲ್‌ನಲ್ಲಿ ಹೇಳಿಬಿಡಿ. ಇಲ್ಲದಿದ್ದರೆ ಇಂಪ್ಲಾಂಟ್ ಪುಟ ಪೂರ್ತಿ ಬೇರೆ ಥರ ಇರಲಿ ಅಂತ ಕೊನೆಯಲ್ಲಿ ಕೇಳುತ್ತಾರೆ, ಆಗ ಬೇಡ ಅನ್ನುವುದಕ್ಕೆ ನಿಮ್ಮ ಹತ್ತಿರ ಆಧಾರ ಇರುವುದಿಲ್ಲ.

ಏನು ಇಲ್ಲ ಅನ್ನುವುದನ್ನೂ ಅಷ್ಟೇ ಸ್ಪಷ್ಟವಾಗಿ ಬರೆಯಿರಿ. ಬರಹ, ಫೋಟೋ ತೆಗೆಯುವುದು, ಡೊಮೇನ್ ಮತ್ತು ಹೋಸ್ಟಿಂಗ್ ಶುಲ್ಕ, ಸೈಟ್ ಜನರ ಬಳಕೆಗೆ ಬಿಟ್ಟ ಮೇಲಿನ ತಿಂಗಳ ನಿರ್ವಹಣೆ. ಈ ಸಾಲುಗಳು ಒರಟಾಗಿ ಕಾಣುತ್ತವೆ ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇಡೀ ಮೇಲ್‌ನಲ್ಲಿ ಕ್ಲಿನಿಕ್‌ನವರಿಗೆ ಹೆಚ್ಚು ಉಪಯೋಗವಾಗುವುದು ಇವೇ, ಯಾಕೆಂದರೆ ಇನ್ನೂ ಯಾವುದಕ್ಕೆಲ್ಲ ದುಡ್ಡು ತೆಗೆದಿಡಬೇಕು ಅಂತ ಅವರಿಗೆ ಮೊದಲೇ ಗೊತ್ತಾಗುತ್ತದೆ.

ಹಲ್ಲಿನ ಕ್ಲಿನಿಕ್‌ಗೇ ಸೇರಿದ ಎರಡು ವಿಷಯ ಇವೆ. ಚಿಕಿತ್ಸೆಗೆ ಮೊದಲು ಹೀಗಿತ್ತು, ಆಮೇಲೆ ಹೀಗಾಯಿತು ಅನ್ನುವ ಫೋಟೋಗಳನ್ನು ಎಲ್ಲ ಡಾಕ್ಟರೂ ಕೇಳುತ್ತಾರೆ. ರೋಗಿಯ ಲಿಖಿತ ಒಪ್ಪಿಗೆ ಪಡೆಯುವುದು ಕ್ಲಿನಿಕ್‌ನ ಜವಾಬ್ದಾರಿ, ಒಪ್ಪಿಗೆ ಇದೆ ಅಂತ ಅವರು ತಿಳಿಸಿದ ಫೋಟೋ ಮಾತ್ರ ಹಾಕುತ್ತೇನೆ ಅಂತ ಬರೆಯಿರಿ. ಎರಡನೆಯದು ಫಾರಂ. ಅದರಲ್ಲಿ 'ನಿಮ್ಮ ತೊಂದರೆ ವಿವರಿಸಿ' ಅಂತ ದೊಡ್ಡ ಖಾಲಿ ಜಾಗ ಬಿಟ್ಟರೆ ಜನ ಸಕ್ಕರೆ ಕಾಯಿಲೆ, ಗರ್ಭಿಣಿ, ನುಂಗುತ್ತಿರುವ ಮಾತ್ರೆ ಎಲ್ಲ ಬರೆಯುತ್ತಾರೆ, ಅದು ಹೋಗಿ ರಿಸೆಪ್ಷನ್‌ನ ಮೇಲ್ ಬಾಕ್ಸ್‌ನಲ್ಲಿ ಯಾರು ಬೇಕಾದರೂ ಓದುವ ಹಾಗೆ ವರ್ಷಗಟ್ಟಲೆ ಬಿದ್ದಿರುತ್ತದೆ. ಆರೋಗ್ಯದ ಮಾಹಿತಿಗೆ ಎಷ್ಟೋ ಕಡೆ ಕಟ್ಟುನಿಟ್ಟಿನ ಕಾನೂನು ಇದೆ. ಹಾಗಾಗಿ ಹೆಸರು, ಫೋನ್, ಅನುಕೂಲದ ದಿನ, ಹೊಸಬರೋ ಹಳಬರೋ, ಇಷ್ಟೇ ಕೇಳಿದರೆ ಸಾಕು.

ಇನ್ನು ದುಡ್ಡು. ಒಟ್ಟು ಮೊತ್ತವನ್ನು ಸುಮ್ನೆ ಊಹಿಸಬೇಡಿ, ಗಂಟೆಗಳನ್ನು ಕೂಡಿಸಿ. ನಮ್ಮ ಉದಾಹರಣೆಯಲ್ಲಿ ಪುಟಗಳ ನಕ್ಷೆ ಮತ್ತು ಡಿಸೈನ್‌ಗೆ 20 ಗಂಟೆ ಇಟ್ಟುಕೊಳ್ಳಿ. 11 ಪುಟ ಕಟ್ಟಿ ಫಾರಂ ಜೋಡಿಸಲು 27. ಬರಹ, ಫೋಟೋ ಹೊಂದಿಸಲು ಮತ್ತು ಹಳೇ ಸೈಟ್‌ನ ವಿಳಾಸಗಳನ್ನು ಹೊಸ ಪುಟಗಳಿಗೆ ತಿರುಗಿಸಲು 11. ಪರೀಕ್ಷೆ, ಸೈಟ್ ಬಿಡುವುದು, ರಿಸೆಪ್ಷನ್‌ನವರಿಗೆ ಹೇಳಿಕೊಡುವುದು 6. ಮಾತುಕತೆ ಮತ್ತು ಮೇಲ್‌ಗಳಿಗೆ 8. ಒಟ್ಟು 72. ಈ ಕೊನೆಯ 8 ಗಂಟೆಯನ್ನು ಲೆಕ್ಕಕ್ಕೆ ಹಿಡಿಯದೆ ಬೆಲೆ ಹೇಳಿ ಕೈ ಸುಟ್ಟುಕೊಳ್ಳುವವರೇ ಜಾಸ್ತಿ. ಅಂದಾಜು ತಪ್ಪುವುದಕ್ಕೆ ಅಂತ ಶೇಕಡಾ 15ರಷ್ಟು ಸೇರಿಸಿದರೆ ಸುಮಾರು 83 ಗಂಟೆ. ಅದನ್ನು ನಿಮ್ಮ ಗಂಟೆಯ ದರದಿಂದ ಗುಣಿಸಿ, ಬಂದದ್ದೇ ನಿಗದಿತ ಬೆಲೆ. ಗಂಟೆಗಳ ಈ ಪಟ್ಟಿ ನಿಮ್ಮ ಹತ್ತಿರವೇ ಇರಲಿ. ಮೇಲ್‌ನಲ್ಲಿ ಒಂದೇ ಮೊತ್ತ ಹೋಗಲಿ, ಇಲ್ಲದಿದ್ದರೆ ಡಿಸೈನ್‌ಗೆ ಯಾಕೆ 20 ಗಂಟೆ ಅಂತ ಚರ್ಚೆ ಹೊರಳುತ್ತದೆ.

ಖಾಲಿ ಸಮಯ ತೋರಿಸುವ ಬುಕಿಂಗ್ ಬೇಕೆಂದರೆ? ಅವರ ಸಾಫ್ಟ್‌ವೇರ್‌ನಲ್ಲಿ ಸೈಟ್‌ಗೆ ಅಂಟಿಸಬಹುದಾದ ಸಿದ್ಧ ಬುಕಿಂಗ್ ಪೆಟ್ಟಿಗೆ ಇದ್ದರೆ ಕೂರಿಸಿ ಪರೀಕ್ಷಿಸಲು ಮೂರು ನಾಲ್ಕು ಗಂಟೆ ಸಾಕು. ಇಲ್ಲದಿದ್ದರೆ ಬೆಲೆ ಹೇಳಲೇಬೇಡಿ. ಸಾಫ್ಟ್‌ವೇರ್ ಹೊರಗಿನವರಿಗೆ ಸಂಪರ್ಕ ಕೊಡುತ್ತದೋ ಇಲ್ಲವೋ ಅಂತ ನೋಡಲು ನಾಲ್ಕು ಗಂಟೆಯ ಸಣ್ಣ ಕೆಲಸವನ್ನು ಬೇರೆಯಾಗಿ ಮಾರಿ, ಅದರ ಫಲ ನೋಡಿಕೊಂಡು ಬೆಲೆ ಕೊಡಿ.

ಹಣ ಕಂತಿನಲ್ಲಿ ಬರಲಿ: ಶುರುವಿಗೆ 40, ಡಿಸೈನ್ ಒಪ್ಪಿದಾಗ 40, ಕೊನೆಗೆ ಶೇಕಡಾ 20. ಕೊನೆಯ ಕಂತನ್ನು 'ಸೈಟ್ ಬಿಟ್ಟ ದಿನ' ಅಂತ ಬರೆದರೆ, ಡಾಕ್ಟರು ತಮ್ಮ ಫೋಟೋ ಕೊಡುವುದನ್ನು ಮೂರು ತಿಂಗಳು ಮುಂದೂಡಿದಾಗ ನಿಮ್ಮ ದುಡ್ಡೂ ಮೂರು ತಿಂಗಳು ನಿಲ್ಲುತ್ತದೆ. ಸೈಟ್ ಬಿಟ್ಟ ದಿನ ಅಥವಾ ಸಿದ್ಧ ಅಂತ ತಿಳಿಸಿದ 14ನೇ ದಿನ, ಯಾವುದು ಮೊದಲೋ ಅದು ಅಂತ ಬರೆಯಿರಿ.

ದಿನಗಳ ವಿಷಯಕ್ಕೆ ಬಂದರೆ, ಇಂತಿಂಥ ತಾರೀಖಿಗೆ ಮುಗಿಸುತ್ತೇನೆ ಅಂತ ಬರೆಯುವುದು ಅಪಾಯ. ಇಂಥ ಕೆಲಸ ತಡವಾಗುವುದು ಹೆಚ್ಚಾಗಿ ಬರಹಕ್ಕೆ ಕಾಯುವುದರಿಂದ. ಬೆಳಗಿನಿಂದ ಸಂಜೆಯವರೆಗೆ ರೋಗಿಗಳನ್ನು ನೋಡುವ ಡಾಕ್ಟರಿಗೆ ಕೂತು ಆರು ಪುಟ ಬರೆಯಲು ಪುರುಸೊತ್ತು ಎಲ್ಲಿಂದ ಬರಬೇಕು? ಒಂದು ಉಪಾಯ ಇದೆ. ಪ್ರತಿ ಚಿಕಿತ್ಸೆಗೂ ಐದು ಪ್ರಶ್ನೆ ಕಳಿಸಿ: ಯಾರಿಗೆ ಬೇಕಾಗುತ್ತದೆ, ಎಷ್ಟು ಸಲ ಬರಬೇಕು, ನೋವಾಗುತ್ತಾ, ಆಮೇಲೆ ಏನು ಜಾಗ್ರತೆ, ಯಾವಾಗ ಕೂಡಲೇ ಫೋನ್ ಮಾಡಬೇಕು. ಅವರು ಫೋನಿನಲ್ಲಿ ಮಾತಾಡಿ ರೆಕಾರ್ಡ್ ಕಳಿಸಿದರೂ ಆಯಿತು. ನೀವು ಬರಹ ಮಾಡುವುದಾದರೆ ಅದನ್ನು ಬೇರೆ ಬೆಲೆಯ ಆಯ್ಕೆಯಾಗಿ ಕೊಡಿ, ಡಾಕ್ಟರು ಓದಿ ಸರಿಯಿದೆ ಅನ್ನದೆ ಒಂದು ಸಾಲೂ ಹಾಕುವುದಿಲ್ಲ ಅಂತ ಸೇರಿಸಿ. ಅವಧಿಯ ಲೆಕ್ಕ ಅಡ್ವಾನ್ಸ್ ಮತ್ತು ಬರಹ ಎರಡೂ ಕೈಸೇರಿದ ದಿನದಿಂದ ಶುರುವಾಗಲಿ.

ಇಷ್ಟಾದ ಮೇಲೆ ಮೇಲ್ ಹೆಚ್ಚು ಉದ್ದ ಇರಬೇಕಾಗಿಲ್ಲ. ವಿಷಯದ ಸಾಲಿನಲ್ಲಿ 'ಕ್ಲಿನಿಕ್ ವೆಬ್‌ಸೈಟ್: ಕೆಲಸದ ವಿವರ, ಬೆಲೆ, ಅವಧಿ' ಅಂತ ಇದ್ದರೆ ತಿಂಗಳಾದ ಮೇಲೂ ಹುಡುಕಿದರೆ ಸಿಗುತ್ತದೆ. ಒಳಗೆ ಹೀಗೆ:

> ಡಾಕ್ಟರಿಗೆ ನಮಸ್ಕಾರ,
>
> ನಿನ್ನೆ ಮಾತಾಡಿದಂತೆ ನಿಮಗೆ ಮುಖ್ಯವಾಗಿ ಬೇಕಿರುವುದು ಎರಡು: ಹೊಸ ರೋಗಿಗಳು ಮೊಬೈಲ್‌ನಿಂದಲೇ ಅಪಾಯಿಂಟ್‌ಮೆಂಟ್ ಕೇಳುವಂತಾಗಬೇಕು, ಚಿಕಿತ್ಸೆಗಳ ಮಾಹಿತಿ ಸರಿಯಾಗಿ ಸಿಗಬೇಕು.
>
> ಇದಕ್ಕಾಗಿ 11 ಪುಟಗಳ ಸೈಟ್ ಮಾಡಿಕೊಡುತ್ತೇನೆ. ಆರು ಚಿಕಿತ್ಸಾ ಪುಟಗಳಿಗೆ ಒಂದೇ ವಿನ್ಯಾಸ. ಅಪಾಯಿಂಟ್‌ಮೆಂಟ್ ಫಾರಂ ಕೋರಿಕೆಯನ್ನು ರಿಸೆಪ್ಷನ್‌ಗೆ ಕಳಿಸುತ್ತದೆ, ಸಮಯವನ್ನು ನಿಮ್ಮವರು ಫೋನ್ ಮಾಡಿ ಖಚಿತಪಡಿಸುತ್ತಾರೆ. ಹಳೇ ಸೈಟ್‌ನ ವಿಳಾಸಗಳು ಹೊಸ ಪುಟಗಳಿಗೆ ತಲುಪುತ್ತವೆ. ಡಿಸೈನ್‌ನಲ್ಲಿ ಎರಡು ಸುತ್ತು ತಿದ್ದುಪಡಿ ಸೇರಿದೆ.
>
> ಬರಹ, ಫೋಟೋ, ಡೊಮೇನ್ ಮತ್ತು ಹೋಸ್ಟಿಂಗ್ ಶುಲ್ಕ, ತಿಂಗಳ ನಿರ್ವಹಣೆ ಇದರಲ್ಲಿ ಸೇರಿಲ್ಲ. ಡೊಮೇನ್ ಮತ್ತು ಹೋಸ್ಟಿಂಗ್ ಕ್ಲಿನಿಕ್ ಹೆಸರಿನಲ್ಲೇ ಇರುತ್ತವೆ.
>
> ಒಟ್ಟು ಬೆಲೆ (ಮೊತ್ತ), ತೆರಿಗೆ ಪ್ರತ್ಯೇಕ. 40, 40, 20ರಂತೆ ಮೂರು ಕಂತು. ಕೊನೆಯದು ಸೈಟ್ ಬಿಟ್ಟ ದಿನ ಅಥವಾ ಸಿದ್ಧವೆಂದು ತಿಳಿಸಿದ 14ನೇ ದಿನ, ಯಾವುದು ಮೊದಲೋ ಆಗ.
>
> ಅಡ್ವಾನ್ಸ್ ಮತ್ತು ಬರಹ ತಲುಪಿದ ದಿನದಿಂದ ಐದು ವಾರ. ಎರಡನೇ ವಾರದ ಕೊನೆಗೆ ಡಿಸೈನ್ ಕಳಿಸುತ್ತೇನೆ, ಮೂರು ಕೆಲಸದ ದಿನದೊಳಗೆ ಅಭಿಪ್ರಾಯ ಬೇಕು. ತಡವಾದಷ್ಟು ದಿನ ಕೊನೆಯ ದಿನವೂ ಮುಂದೆ ಹೋಗುತ್ತದೆ.
>
> ಈ ಬೆಲೆ 30 ದಿನ ಇರುತ್ತದೆ. ಒಪ್ಪಿಗೆ ಇದ್ದರೆ ಇದೇ ಮೇಲ್‌ಗೆ 'ಒಪ್ಪಿದೆ' ಅಂತ ಬರೆಯಿರಿ, ಮೊದಲ ಕಂತಿನ ಬಿಲ್ ಮತ್ತು ಒಪ್ಪಂದ ಕಳಿಸುತ್ತೇನೆ.

ಮೇಲ್ ಶುರುವಾಗಿದ್ದು ಅವರ ಅಗತ್ಯದಿಂದ ಅನ್ನುವುದನ್ನು ಗಮನಿಸಿ. ನಿಮ್ಮ ಅನುಭವ, ಗೊತ್ತಿರುವ ತಂತ್ರಗಳ ಹೆಸರು ಅಲ್ಲಿ ಬೇಡ. ಹಿಂದೆ ಮಾಡಿದ ಒಂದೆರಡು ಸೈಟ್‌ಗಳ ಕೊಂಡಿ ಕೊನೆಯಲ್ಲಿ ಇದ್ದರೆ ಸಾಕು.

ಕಳಿಸುವ ಮೊದಲು ಒಮ್ಮೆ ಅಡ್ಡಡ್ಡ ಓದಿ ನೋಡಿ. ಕೆಲಸದಲ್ಲಿ ಹೇಳಿದ ಪ್ರತಿಯೊಂದಕ್ಕೂ ನಿಮ್ಮ ಗಂಟೆಗಳ ಪಟ್ಟಿಯಲ್ಲಿ ಜಾಗ ಇದೆಯಾ, ಅವಧಿಯಲ್ಲಿ ಒಂದು ವಾರ ಇದೆಯಾ? ರಿಸೆಪ್ಷನ್‌ನವರಿಗೆ ಕಲಿಸುವುದನ್ನು ಲೆಕ್ಕದಲ್ಲಿ ಇಟ್ಟು ಮೇಲ್‌ನಲ್ಲಿ ಬಿಟ್ಟಿದ್ದರೆ, ಮೇಲಿನ ಮಾದರಿಯಲ್ಲಿ ಬಿಟ್ಟಿರುವ ಹಾಗೆ, ಒಂದು ಸಾಲು ಸೇರಿಸಿ. ದುಡ್ಡು ಪಡೆಯುತ್ತಿರುವ ಕೆಲಸ ಅವರಿಗೆ ಕಾಣಬೇಕು.

ಐದಾರು ದಿನ ಉತ್ತರ ಬರದಿದ್ದರೆ ರಿಸೆಪ್ಷನ್‌ಗೆ ಫೋನ್ ಮಾಡಿ, ಡಾಕ್ಟರು ಮೇಲ್ ನೋಡುವ ಹೊತ್ತು ಯಾವುದು ಅಂತ ಕೇಳಿ, ಆ ಹೊತ್ತಿಗೆ ಎರಡು ಸಾಲು ಕಳಿಸಿ. ಬೆಲೆ ಜಾಸ್ತಿ ಆಯಿತು ಅಂದರೆ ಅದೇ ಕೆಲಸಕ್ಕೆ ಮೊತ್ತ ಇಳಿಸಬೇಡಿ. ಆರು ಚಿಕಿತ್ಸಾ ಪುಟಗಳ ಬದಲು ಈಗ ಮೂರು ಮಾಡೋಣ, ಉಳಿದ ಮೂರು ಆಮೇಲೆ ಅದೇ ಅಚ್ಚಿನಲ್ಲಿ ಸೇರಿಸಬಹುದು ಅಂತ ಹೇಳಿ, ಗಂಟೆಗಳ ಪಟ್ಟಿಗೆ ಹಿಂದಿರುಗಿ, ಮೂರು ಪುಟ ಕಟ್ಟುವ ಗಂಟೆಗಳನ್ನೂ ಅವುಗಳ ಬರಹ ಹೊಂದಿಸುವ ಗಂಟೆಗಳನ್ನೂ ಕಳೆದು ಹೊಸ ಮೊತ್ತ ಬರೆಯಿರಿ. ಡಿಸೈನ್‌ನ 20 ಗಂಟೆ ಮಾತ್ರ ಕಡಿಮೆಯಾಗುವುದಿಲ್ಲ, ಅಚ್ಚು ಹೇಗೂ ಒಂದು ಬೇಕೇ ಬೇಕು.