ಹನ್ನೊಂದು ಜನ, ಎರಡು ಕೋಣೆ, ಒಂದೇ ಶನಿವಾರ ರಾತ್ರಿ

ಪೀಣ್ಯದ ಹತ್ತಿರ ಎರಡು ಕೋಣೆಯ ಮನೆ. ರಾಯಚೂರು ಕಡೆಯಿಂದ ಬಂದ ಹನ್ನೊಂದು ಜನ ಅಲ್ಲೇ ಸಾಲಾಗಿ ಮಲಗುತ್ತಾರೆ. ನಾಲ್ಕು ತಿಂಗಳಲ್ಲಿ ಮೂರು ಸಲ ಔಷಧಿ ಕೊಡಿಸಿದೆ, ಮೂರು ಸಲವೂ ಕಜ್ಜಿ ವಾಪಸ್ ಬಂತು. "ಅಷ್ಟು ಜನ ಒಟ್ಟಿಗೆ ಇರೋವರೆಗೆ ಅದು ಹೋಗಲ್ಲ ಸಿಸ್ಟರ್, ಬಿಟ್ಟುಬಿಡಿ" ಎಂದು ನನ್ನ ಜೊತೆ ಕೆಲಸ ಮಾಡುವವರೇ ಹೇಳಿದ್ದರು. ಹೋಯಿತು. ಆರು ತಿಂಗಳಾಯಿತು, ಆ ಮನೆಯಲ್ಲಿ ಈಗ ಯಾರಿಗೂ ಇಲ್ಲ.

ಮೊದಲ ಪೆಟ್ಟು ಬಿದ್ದದ್ದು ರೋಗ ಗುರುತಿಸುವುದರಲ್ಲಿ. ಹಿರಿಯ ಮಗನ ಸೊಂಟದಲ್ಲಿ ಹುಳುಕಡ್ಡಿ ಇತ್ತು. ಉಳಿದವರಿಗೂ ಅದೇ ಎಂದುಕೊಂಡು ಮನೆಯವರೆಲ್ಲ ಅವನ ಟ್ಯೂಬನ್ನೇ ಹಚ್ಚಿಕೊಂಡಿದ್ದರು. ಡಾಕ್ಟರಿಗೆ ತೋರಿಸದೆ ತಂದ, ಸ್ಟಿರಾಯ್ಡ್ ಬೆರೆತ ಮುಲಾಮು. ಎರಡು ತಿಂಗಳಲ್ಲಿ ಸಾವಿರದೈನೂರು ರೂಪಾಯಿ ಅದಕ್ಕೇ ಹೋಗಿತ್ತು. ಹಚ್ಚಿದಾಗ ನವೆ ಇಳಿಯುತ್ತೆ, ಒಳಗೆ ರೋಗ ಬೆಳೆಯುತ್ತೆ. ಮಗನ ಹುಳುಕಡ್ಡಿಯ ಅಂಚೇ ಅಳಿಸಿಹೋಗಿ, ಬರೀ ಕೆಂಪು ಕಲೆಯಾಗಿ ಹರಡಿತ್ತು.

ಹುಳುಕಡ್ಡಿ ಬೂಷ್ಟಿನ ಜಾತಿ. ಅದು ದುಂಡಗೆ ಹರಡುತ್ತದೆ, ಅಂಚು ಉಬ್ಬಿ ಹೊಟ್ಟೇಳುತ್ತದೆ, ನಡುವೆ ತಿಳಿಯಾಗಿರುತ್ತದೆ. ಬೆವರು ನಿಲ್ಲುವ ತೊಡೆಸಂದಿ, ಸೊಂಟದಲ್ಲಿ ಜಾಸ್ತಿ. ಕಜ್ಜಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುವಿನದ್ದು. ಬೆರಳ ಸಂದಿ, ಮಣಿಕಟ್ಟು, ಹೊಕ್ಕಳ ಸುತ್ತ, ಗಂಡಸರ ಗುಪ್ತಾಂಗದ ಮೇಲೆ ಸಣ್ಣ ಗುಳ್ಳೆಗಳು. ಅನುಮಾನ ಬಂದರೆ ನಾನು ಗುಳ್ಳೆಯ ಮೇಲೆ ಪೆನ್ನಿನ ಇಂಕು ಸವರಿ, ಸ್ಪಿರಿಟ್ ಹತ್ತಿಯಿಂದ ಒರೆಸುತ್ತೇನೆ. ಹುಳು ಕೊರೆದ ದಾರಿಯಲ್ಲಿ ಇಂಕು ಇಳಿದು ಸಣ್ಣ ಗೆರೆ ಉಳಿಯುತ್ತೆ. ಸುಮಾರು ಇಪ್ಪತ್ತು ಜನರ ಮೇಲೆ ನೋಡಿದ್ದೇನೆ, ಎಂಟು ಹತ್ತು ಜನರಲ್ಲಿ ಗೆರೆ ಸಿಕ್ಕಿತು. ಗೆರೆ ಸಿಗಲಿಲ್ಲ ಅಂದಮಾತ್ರಕ್ಕೆ ಕಜ್ಜಿ ಅಲ್ಲ ಎನ್ನಬೇಡಿ.

ಅದಕ್ಕಿಂತ ಹೆಚ್ಚು ಹೇಳುವುದು ಒಂದು ಪ್ರಶ್ನೆ: ರಾತ್ರಿ ನವೆ ನಿದ್ದೆಯಿಂದ ಎಬ್ಬಿಸುತ್ತಾ, ಪಕ್ಕದವರನ್ನೂ ಎಬ್ಬಿಸುತ್ತಾ? ಹೊದ್ದು ಮಲಗಿದಾಗ ಮೈ ಬೆಚ್ಚಗಾಗುತ್ತೆ, ಹುಳುವಿನ ಓಡಾಟ ಹೆಚ್ಚುತ್ತೆ. ಹುಳು, ಅದರ ಮೊಟ್ಟೆ, ಹಿಕ್ಕೆ ಇವುಗಳಿಗೆ ನಮ್ಮ ಮೈ ತೋರಿಸುವ ಸಿಟ್ಟೇ ಈ ನವೆ. ಆ ಸಿಟ್ಟನ್ನು ತಡೆಯುವ ನಮ್ಮದೇ ಹಾರ್ಮೋನು ರಾತ್ರಿ ಕಡಿಮೆ ಇರುತ್ತದೆ. ಹಗಲಿನಂತೆ ಗಮನ ಬೇರೆ ಕಡೆ ಹೋಗಲು ಕೆಲಸವೂ ಇರುವುದಿಲ್ಲ. ಹುಳುಕಡ್ಡಿಯೂ ರಾತ್ರಿ ಕಡಿಯಬಹುದು, ಆದರೆ ಅದು ಬೆವರಿದಾಗಲೇ ಜಾಸ್ತಿ.

ಮೊದಲ ಸಲ ಹುಳು ಹತ್ತಿದವರಿಗೆ ನವೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರಲ್ಲಿ ಅವರು ಪಕ್ಕದವರಿಗೆ ಕೊಟ್ಟಿರುತ್ತಾರೆ. ನನ್ನ ಮೂರೂ ಸೋಲಿನ ಬೇರು ಅಲ್ಲೇ ಇತ್ತು. ಮೊದಲ ಸಲ ಕೆರೆದುಕೊಳ್ಳುವವರಿಗೆ ಮಾತ್ರ ಕೊಡಿಸಿದೆ. ಎರಡನೇ ಸಲ ಎಲ್ಲರಿಗೂ ಸಿಕ್ಕಿತು, ಆದರೆ ಒಬ್ಬೊಬ್ಬರು ಒಂದೊಂದು ದಿನ ಹಚ್ಚಿದರು. ಮೂರನೇ ಸಲ ಗುಳ್ಳೆ ಇದ್ದ ಕಡೆ ಮಾತ್ರ ಹಚ್ಚಿದರು. ಅಜ್ಜಿಯಂತೂ ಮುಟ್ಟಲೇ ಇಲ್ಲ. "ನನಗ ಕಡಿಯಂಗಿಲ್ಲವ್ವಾ, ನಾ ಯಾಕ ಹಚ್ಕೊಳ್ಳಿ?" ಅಂದರು.

ನಾಲ್ಕನೇ ಸಲ ಶನಿವಾರ ರಾತ್ರಿ ಆರಿಸಿದೆ, ಭಾನುವಾರ ಗಾರ್ಮೆಂಟ್ಸ್ ರಜೆ. ಡಾಕ್ಟರ್ ಬರೆದುಕೊಟ್ಟ ಪರ್ಮೆಥ್ರಿನ್ 5% ಮುಲಾಮು, ದೊಡ್ಡವರಿಗೆ ತಲಾ ಒಂದು 30 ಗ್ರಾಂ ಟ್ಯೂಬ್. ಒಂದು ಸರದಿಗೆ ಒಂಬತ್ತು ಟ್ಯೂಬ್, ಎರಡು ಸರದಿಗೆ ಹದಿನಾಲ್ಕು ನೂರರ ಆಸುಪಾಸು ಆಯಿತು. ಆ ಹಳೆ ಮುಲಾಮಿಗಿಂತ ಕಡಿಮೆಯೇ! ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರ ಕೆಳಗೂ ಹಚ್ಚಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಸ್ನಾನ. ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ಎಂಟು ತಿಂಗಳ ಕೂಸಿಗೆ ಕಣ್ಣು, ಬಾಯಿ ಬಿಟ್ಟು ತಲೆಗೂ ಹಚ್ಚಿ, ಬೆರಳು ಚೀಪದಂತೆ ಕೈಗೆ ಕಾಲುಚೀಲ ಹಾಕಿದೆವು. ಏಳು ದಿನ ಬಿಟ್ಟು ಇನ್ನೊಂದು ಸರದಿ. ರಾತ್ರಿ ಪಾಳಿಯ ಅಳಿಯನನ್ನೂ ಅಜ್ಜಿಯನ್ನೂ ಹೇಗೆ ಒಪ್ಪಿಸಿದೆ ಅನ್ನುವುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಬಟ್ಟೆ, ಹೊದಿಕೆ ಬಿಸಿನೀರಲ್ಲಿ ಒಗೆದೆವು. ಒಗೆಯಲಾಗದ ಕೌದಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಂದು ವಾರ ಇಟ್ಟೆವು. ಮೈ ಬಿಟ್ಟರೆ ಹುಳು ಎರಡು ಮೂರು ದಿನಕ್ಕಿಂತ ಬದುಕುವುದಿಲ್ಲ. ಹಿಂದೊಮ್ಮೆ ಬೇವು, ಅರಿಶಿನವನ್ನೂ ಹದಿನೈದು ದಿನ ಹಚ್ಚಿಸಿ ನೋಡಿದ್ದೆ. ತಂಪೆನಿಸಿತು, ಕಜ್ಜಿ ಹೋಗಲಿಲ್ಲ. ಕೈಕಾಲಲ್ಲಿ ದಪ್ಪ ಹಕ್ಕಳೆ ಕಟ್ಟಿದವರಿಗೆ ಮುಲಾಮಷ್ಟೇ ಸಾಲದು, ಅವರನ್ನು ಚರ್ಮದ ಡಾಕ್ಟರ ಹತ್ತಿರ ಕಳಿಸಿ.

ಹತ್ತನೇ ದಿನಕ್ಕೆ ಸೊಸೆ ಫೋನ್ ಮಾಡಿದಳು: "ಅಕ್ಕಾ, ಇನ್ನಾ ಕಡಿತೈತಿ, ಮತ್ತ ಹಚ್ಚಲೇನು?" ಬೇಡ ಅಂದೆ. ಹುಳು ಸತ್ತ ಮೇಲೂ ಎರಡರಿಂದ ನಾಲ್ಕು ವಾರ ನವೆ ಇರುತ್ತೆ. ಹೊಸ ಗುಳ್ಳೆ ಏಳುತ್ತಿದೆಯಾ ಅಂತ ಮಾತ್ರ ನೋಡಲು ಹೇಳಿದೆ. ಏಳಲಿಲ್ಲ.

ಹುಳುಕಡ್ಡಿಗೆ ಮನೆಯವರೆಲ್ಲ ಔಷಧಿ ತೆಗೆದುಕೊಳ್ಳಬೇಕಿಲ್ಲ. ಎಲ್ಲರ ಮೈ ನೋಡಿದೆ, ಇನ್ನೊಬ್ಬನ ತೊಡೆಯಲ್ಲೂ ಸಿಕ್ಕಿತು. ಅವರಿಬ್ಬರಿಗೆ ಮಾತ್ರ ಡಾಕ್ಟರ್ ಗುಳಿಗೆ, ಮುಲಾಮು ಬರೆದರು. ಟವೆಲ್ಲು, ಚಡ್ಡಿ ಬೇರೆ ಮಾಡಿಸಿದೆ. ಮಗನಿಗೆ ವಾಸಿಯಾಗಲು ಎರಡು ತಿಂಗಳು ಹಿಡಿಯಿತು, ಕಲೆ ಮಾಸಿದ ಮೇಲೂ ಎರಡು ವಾರ ಹಚ್ಚಿಸಿದೆ.